‘ಸಾಧ್ಯವಾದರೆ ಹಗುರ ಕೆಲಸ ಕೊಡಿ’ ಅಂತ ಬರೆದರೆ ಸಾಲದು ಡಾಕ್ಟ್ರೇ

ನಮ್ಮ ಕೈಗೆ ಬಂದ ಆ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಹಲಸೂರಿನ ಒಂದು ಸಣ್ಣ ಕ್ಲಿನಿಕ್ಕಿನ ಲೆಟರ್‌ಹೆಡ್, ಕೆಳಗೆ ಡಾಕ್ಟರ ಸಹಿ, ಸೀಲು. ಮೇಲೆ ‘ಮ್ಯಾನೇಜರ್ ಅವರಿಗೆ’ ಅಂತ ಇತ್ತು. ಒಳಗೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಕನ್ನಡಕ್ಕೆ ಇಳಿಸಿದರೆ ಇಷ್ಟು: ಈ ವ್ಯಕ್ತಿಗೆ ಶ್ವಾಸಕೋಶದ ತೊಂದರೆ ಶುರುವಾಗಿದೆ. ಧೂಳಿನಿಂದ ದೂರ ಇರುವುದು ಒಳ್ಳೆಯದು. ಸಾಧ್ಯವಾದರೆ ಹಗುರ ಕೆಲಸ ಕೊಡಬೇಕೆಂದು ಕೋರಿಕೆ.

ಕಾಗದ ತಂದವನು ನಮ್ಮ ಮಾಲೂರು ಕಡೆಯವನು, ವಯಸ್ಸು 34. ಹಲಸೂರು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದು ರೂಮು ಮಾಡಿಕೊಂಡು ಹೆಂಡತಿ, ಮಗಳ ಜೊತೆ ಇದ್ದಾನೆ. ಕೆ.ಆರ್. ಪುರದ ಆಚೆ ಇರುವ ಒಂದು ಫೌಂಡ್ರಿಯಲ್ಲಿ 11 ವರ್ಷದಿಂದ ಕೆಲಸ. ಫೌಂಡ್ರಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಡಾಕ್ಟರ ಹೆಸರೂ ಬೇಡ. ಹೆಸರು ಬದಲಾಯಿಸಿದರೆ ಈ ಕಥೆ ಹತ್ತು ಕಡೆ ಹೊಂದುತ್ತದೆ.

“ಅಣ್ಣ, ಈ ಲೆಟ್ರು ಕೊಟ್ಟ ಮೇಲೇನೇ ನನ್ ಕೆಲ್ಸ ಕೆಟ್ಟಿದ್ದು” ಅಂದ. ಹೇಗೆ ಕೆಟ್ಟಿತು ಅನ್ನೋದನ್ನು ಹೇಳುವ ಮೊದಲು ಅವನು ಏನು ಕೆಲಸ ಮಾಡುತ್ತಿದ್ದ ಅಂತ ಹೇಳಬೇಕು. ಮೂರು ಸಾಲು ಬರೆದ ಡಾಕ್ಟರು ಆ ಪ್ರಶ್ನೆ ಕೇಳಲೇ ಇಲ್ಲ.

ಫೌಂಡ್ರಿ ಅಂದರೆ ಎರಕದ ಕಾರ್ಖಾನೆ. ಮರಳಿನಲ್ಲಿ ಅಚ್ಚು ಮಾಡಿ ಕರಗಿದ ಕಬ್ಬಿಣ ಸುರಿಯುತ್ತಾರೆ. ತಣ್ಣಗಾದ ಮೇಲೆ ಅಚ್ಚು ಒಡೆದು ಎರಕ ಹೊರಗೆ ತೆಗೆಯುತ್ತಾರೆ. ಆ ಎರಕದ ಮೈಗೆ ಸುಟ್ಟ ಮರಳು ಗಟ್ಟಿಯಾಗಿ ಅಂಟಿರುತ್ತದೆ, ಅಂಚಿನಲ್ಲಿ ಬೇಡದ ಕಬ್ಬಿಣ ಚಾಚಿಕೊಂಡಿರುತ್ತದೆ. ಅದನ್ನೆಲ್ಲ ಚಾಣದಿಂದ ಹೊಡೆದು, ಗ್ರೈಂಡರ್ ಹಿಡಿದು ಉಜ್ಜಿ ನಯ ಮಾಡುವ ಕೆಲಸಕ್ಕೆ ಫೆಟ್ಲಿಂಗ್ ಅಂತಾರೆ. ನಮ್ಮ ಹುಡುಗ 11 ವರ್ಷ ಮಾಡಿದ್ದು ಇದನ್ನೇ.

ಹೊಳೆ ಮರಳನ್ನು ಕೈಯಲ್ಲಿ ಹಿಡಿದರೆ ಏನೂ ಆಗುವುದಿಲ್ಲ. ಆ ಕಾಳು ಶ್ವಾಸಕೋಶದ ತಳಕ್ಕೆ ಇಳಿಯಲಾರದಷ್ಟು ದಪ್ಪ. ಆದರೆ ಅದೇ ಕಾಳು ಗ್ರೈಂಡರ್ ಚಕ್ರಕ್ಕೆ ಸಿಕ್ಕಿ ಒಡೆದಾಗ ಸಿಲಿಕಾದ ಎಷ್ಟು ಸಣ್ಣ ಚೂರುಗಳಾಗುತ್ತವೆ ಅಂದರೆ, ಒಂದು ಕೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಈ ಚೂರು ಕಣ್ಣಿಗೆ ಕಾಣದು, ಬೇಗ ಕೆಳಗೆ ಕೂರದು. ಮೂಗು, ಗಂಟಲು ದಾಟಿ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಹೋಗುತ್ತದೆ. ಅಲ್ಲಿ ಅದನ್ನು ನುಂಗಲು ಬಂದ ಜೀವಕೋಶ ತಾನೇ ಸಾಯುತ್ತದೆ. ಆ ಜಾಗದಲ್ಲಿ ಗಾಯ ಮಾಗಿದ ಹಾಗೆ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಕಟ್ಟಿದ ಗಂಟನ್ನು ಕರಗಿಸುವ ಔಷಧ ಇಲ್ಲ. ಧೂಳಿನಿಂದ ಹೊರಗೆ ಬಂದ ಮೇಲೂ ಕೆಲವರಿಗೆ ಅದು ಬೆಳೆಯುತ್ತಾ ಹೋಗುತ್ತದೆ. ಆದರೂ ಬೇಗ ಹೊರಗೆ ಬಂದವನಿಗೆ ಉಸಿರು ಉಳಿಯುವ ಅವಕಾಶ ಹೆಚ್ಚು. ಡಾಕ್ಟರ ಕಾಗದಕ್ಕೆ ಬೆಲೆ ಇರುವುದು ಇಲ್ಲೇ. ಆ ಕಾಗದ ಅವನಿಗೆ ಸಿಗುವ ಒಂದೇ ಮದ್ದು.

ಇವನಿಗೆ ಮೊದಲು ಒಣ ಕೆಮ್ಮು ಬಂತು. ಆಮೇಲೆ ಎರಡನೇ ಮಹಡಿ ಹತ್ತುವಾಗ ದಮ್ಮು. ಊರಿಗೆ ಬಂದಾಗ ತೋರಿಸಿಕೊಂಡ, ಎಕ್ಸ್‌ರೇಯಲ್ಲಿ ಚುಕ್ಕೆ ಕಂಡಿತು, ಟಿ.ಬಿ. ಅಂತ ಆರು ತಿಂಗಳು ಮಾತ್ರೆ ನುಂಗಿದ. ಕಫದಲ್ಲಿ ಟಿ.ಬಿ. ಕ್ರಿಮಿ ಸಿಕ್ಕಿತ್ತಾ ಅಂತ ಕೇಳಿದರೆ, “ಇಲ್ಲ, ಎಕ್ಸ್‌ರೇ ನೋಡಿನೇ ಕೊಟ್ರು” ಅಂತಾನೆ. ಮಾತ್ರೆ ಮುಗಿದ ಮೇಲೂ ಚುಕ್ಕೆ ಇದ್ದಲ್ಲೇ ಇತ್ತು. ಮಾತ್ರೆ ತಿನ್ನುತ್ತಾ ತಿನ್ನುತ್ತಾ ಅವನು ಅದೇ ಗ್ರೈಂಡರ್ ಮುಂದೆ ನಿಂತಿದ್ದ.

ಇದರಿಂದ ಟಿ.ಬಿ. ಮಾತ್ರೆ ಬಿಡಿ ಅಂತ ಯಾರೂ ಅರ್ಥ ಮಾಡಿಕೊಳ್ಳಬೇಡಿ. ಸಿಲಿಕಾ ಧೂಳು ಹೊಕ್ಕ ಎದೆಗೆ ಟಿ.ಬಿ. ಬರುವುದು ಬೇರೆಯವರಿಗಿಂತ ಹೆಚ್ಚು, ಎರಡೂ ಒಟ್ಟಿಗೆ ಇರಬಹುದು. ಅದಕ್ಕೇ ಕಫದ ಪರೀಕ್ಷೆ ಆಗಲೇಬೇಕು. ಜೊತೆಗೆ ಡಾಕ್ಟರು ಒಂದು ಪ್ರಶ್ನೆ ಕೇಳಬೇಕು: ಏನು ಕೆಲಸ ಮಾಡ್ತೀಯ, ಯಾವ ವಿಭಾಗ, ಎಷ್ಟು ವರ್ಷ? ‘ಫ್ಯಾಕ್ಟರಿ ಕೆಲಸ’ ಅಂದರೆ ಸಾಲದು. ಅದೇ ಫೌಂಡ್ರಿಯ ಆಫೀಸಿನಲ್ಲಿ ಕೂತವನ ಎದೆ ಬೇರೆ, ಫೆಟ್ಲಿಂಗ್ ಮಾಡುವವನ ಎದೆ ಬೇರೆ.

ಸಿಲಿಕೋಸಿಸ್ ಶುರುವಿನಲ್ಲಿ ಚುಕ್ಕೆ ಸಾಮಾನ್ಯವಾಗಿ ಶ್ವಾಸಕೋಶದ ಮೇಲಿನ ಭಾಗದಲ್ಲಿ, ಎರಡೂ ಕಡೆ, ರಾಗಿ ಕಾಳು ಚೆಲ್ಲಿದ ಹಾಗೆ ಕಾಣುತ್ತದೆ. ಇದನ್ನು ಅಳೆಯಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಎಕ್ಸ್‌ರೇಗಳಿವೆ. ರೋಗಿಯ ಎಕ್ಸ್‌ರೇಯನ್ನು ಅವುಗಳ ಪಕ್ಕ ಇಟ್ಟು ಚುಕ್ಕೆ ಎಷ್ಟು ದಟ್ಟ ಅಂತ ಅಂಕಿ ಬರೆಯುತ್ತಾರೆ. 0 ಅಂದರೆ ಇಲ್ಲ, 3 ಅಂದರೆ ತುಂಬಾ. ಆಮೇಲೆ ಪರೀಕ್ಷಿಸಿದ ಎದೆರೋಗ ತಜ್ಞರು ನಮ್ಮ ಹುಡುಗನಿಗೆ 1/1 ಅಂತ ಬರೆದರು. ಶುರುವಿನ ಹಂತ. ಊದಿ ಮಾಡುವ ಪರೀಕ್ಷೆ ಮಾತ್ರ ಹೆಚ್ಚುಕಮ್ಮಿ ಸರಿಯಾಗಿಯೇ ಬಂದಿತ್ತು. ಈ ಹಂತದಲ್ಲಿ ಹಾಗೆ ಬರುವುದು ಅಪರೂಪವಲ್ಲ. ‘ಊದೋ ಟೆಸ್ಟ್ ನಾರ್ಮಲ್, ಹೋಗಿ ಕೆಲಸ ಮಾಡು’ ಅಂತ ಕಳಿಸುವ ಕಂಪನಿ ಡಾಕ್ಟರುಗಳು ಇದನ್ನು ಗಮನಿಸಬೇಕು.

ಈಗ ಆ ಮೂರು ಸಾಲಿಗೆ ಬರೋಣ.

ಕಾಗದ ಮ್ಯಾನೇಜರ್ ಕೈಗೆ ಹೋಯಿತು. ಮ್ಯಾನೇಜರ್ ಕೆಟ್ಟವನೇನಲ್ಲ, ಓದಿದ, ‘ಹಗುರ ಕೆಲಸ’ ಅಂತ ಇತ್ತು, ಹಗುರ ಕೆಲಸ ಕೊಟ್ಟ. ಯಾವುದು ಗೊತ್ತಾ? ಕಸ ಗುಡಿಸೋದು. ಫೆಟ್ಲಿಂಗ್ ಶೆಡ್ಡಿನ ನೆಲವನ್ನೇ ಒಣ ಪೊರಕೆಯಲ್ಲಿ ಗುಡಿಸೋದು. ಶಿಫ್ಟ್ ಮುಗಿಯುವಾಗ ಮೆಷೀನ್ ಮೇಲೆ ಕೂತ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿ ತೆಗೆಯೋದು. ಕಷ್ಟಪಟ್ಟು ಕೆಳಗೆ ಕೂತಿದ್ದ ಸಣ್ಣ ಧೂಳೆಲ್ಲ ಮತ್ತೆ ಎದ್ದು ಅವನ ಮೂಗಿನ ಮಟ್ಟಕ್ಕೆ ಬರುತ್ತಿತ್ತು. ಮೂಗಿಗೆ ಒಂದು ಕರ್ಚೀಫು ಕಟ್ಟಿಕೊಂಡಿದ್ದ. ಆ ಧೂಳಿಗೆ ಬಟ್ಟೆಯ ಎಳೆಗಳ ನಡುವಿನ ಸಂದು ಹೆಬ್ಬಾಗಿಲು ಇದ್ದ ಹಾಗೆ. ಮೈಗೆ ಹಗುರ, ಎದೆಗೆ ಭಾರ. ಡಾಕ್ಟರು ಧೂಳಿನಿಂದ ದೂರ ಅಂತ ಬರೆದಿದ್ದರು, ಹಗುರ ಕೆಲಸ ಅಂತಲೂ ಬರೆದಿದ್ದರು. ಓದಿದವರು ತಮಗೆ ಸುಲಭವಾದದ್ದನ್ನು ಆರಿಸಿಕೊಂಡರು.

ಓಟಿ ನಿಂತಿತು. “ತಿಂಗ್ಳಿಗೆ ನಾಕು ಸಾವ್ರ ಕಮ್ಮಿ ಆಯ್ತು ಅಣ್ಣ, ರೂಮ್ ಬಾಡಿಗೇನೇ ಅಷ್ಟು.” ಎರಡು ತಿಂಗಳಾದ ಮೇಲೆ ಕಂಟ್ರಾಕ್ಟರ್ ಕರೆದು, “ನಿಂಗೆ ಮೈ ಸರಿ ಇಲ್ಲ ಅಂತ ಡಾಕ್ಟ್ರೇ ಬರ್ದವ್ರೆ, ಲೆಕ್ಕ ತಗೊಂಡು ಊರಿಗೆ ಹೋಗಿ ಸುಧಾರಿಸ್ಕೋ” ಅಂದ. ಮುಂದಿಟ್ಟದ್ದು ಟೈಪ್ ಮಾಡಿದ ರಾಜೀನಾಮೆ. ಪುಣ್ಯಕ್ಕೆ ಅವನು ಸಹಿ ಹಾಕಲಿಲ್ಲ, ನಾಳೆ ಬರ್ತೀನಿ ಅಂತ ಬಂದ.

ನಾವು ಡಾಕ್ಟರ ಹತ್ತಿರ ಹೋದೆವು. ಅವರು ಸಿಡುಕಲಿಲ್ಲ. ಕೂರಿಸಿ ಹೇಳಿದರು: “ನೋಡಿ, ನಾನು ರೋಗದ ಹೆಸರು ಬರೆದು ಸರ್ಕಾರಕ್ಕೆ ತಿಳಿಸಿದರೆ ಮಾರನೇ ದಿನ ಅವನನ್ನ ಗೇಟ್‌ನಿಂದ ಹೊರಗೆ ಹಾಕ್ತಾರೆ. ಅವನ ಹೊಟ್ಟೆಪಾಡು ನೋಡಿಯೇ ಮೆತ್ತಗೆ ಬರೆದೆ.”

ಈ ಮಾತನ್ನು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಬಹಳ ಡಾಕ್ಟರುಗಳು ಹೀಗೇ ಯೋಚಿಸುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಮೆತ್ತಗೆ ಬರೆದ ಕಾಗದ ಏನು ಮಾಡಿತು ಅಂತ ನೋಡಿದಿರಲ್ಲ. ಅವನನ್ನು ಧೂಳಿನಿಂದ ಬಿಡಿಸಲಿಲ್ಲ, ಕೆಲಸವನ್ನೂ ಉಳಿಸಲಿಲ್ಲ. ಅವನು ಕಾಯಿಲೆಯವನು ಅನ್ನೋದಕ್ಕೆ ಕಂಟ್ರಾಕ್ಟರಿಗೆ ಲಿಖಿತ ಸಾಕ್ಷಿ ಕೊಟ್ಟಿತು, ಕಾಯಿಲೆ ಕೊಟ್ಟದ್ದು ಆ ಶೆಡ್ಡೇ ಅನ್ನೋದಕ್ಕೆ ಒಂದು ಅಕ್ಷರದ ಸಾಕ್ಷಿಯನ್ನೂ ಅವನ ಕೈಗೆ ಕೊಡಲಿಲ್ಲ. ರೋಗ ಅವನದು, ತಪ್ಪೂ ಅವನದು ಅನ್ನುವ ಹಾಗಾಯಿತು.

ಸರ್ಕಾರಕ್ಕೆ ತಿಳಿಸುವುದು ಡಾಕ್ಟರ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. 1948ರ ಕಾರ್ಖಾನೆ ಕಾಯ್ದೆಯ 89ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿತ್ತು. ಪಟ್ಟಿಯಲ್ಲಿರುವ ರೋಗ ಅಂತ ಅನಿಸಿದ ಕೂಡಲೇ, ನೋಡಿದ ವೈದ್ಯರು ಯಾರೇ ಆಗಿರಲಿ, ತಡಮಾಡದೆ ಕಾರ್ಖಾನೆಗಳ ಮುಖ್ಯ ಇನ್ಸ್‌ಪೆಕ್ಟರಿಗೆ ಬರೆದು ತಿಳಿಸಬೇಕು: ರೋಗಿಯ ಹೆಸರು ವಿಳಾಸ, ರೋಗದ ಹೆಸರು, ಕಾರ್ಖಾನೆಯ ಹೆಸರು ವಿಳಾಸ. ಸಿಲಿಕೋಸಿಸ್ ಆ ಪಟ್ಟಿಯಲ್ಲಿದೆ. ತಿಳಿಸದ ವೈದ್ಯರಿಗೆ ಸಾವಿರ ರೂಪಾಯಿಯವರೆಗೆ ದಂಡ ಇತ್ತು. ತಿಳಿಸಿ, ರೋಗ ಖಚಿತವಾದರೆ ವೈದ್ಯರಿಗೇ ಶುಲ್ಕ ಕೊಟ್ಟು, ಅದನ್ನು ಕಾರ್ಖಾನೆಯವರಿಂದ ಭೂಕಂದಾಯ ಬಾಕಿಯ ಹಾಗೆ ವಸೂಲಿ ಮಾಡುವ ಮಾತೂ ಅದರಲ್ಲಿತ್ತು. ಆ ಶುಲ್ಕ ಪಡೆದ ಒಬ್ಬ ಡಾಕ್ಟರನ್ನೂ ನಾವು ಇದುವರೆಗೆ ಕಂಡಿಲ್ಲ! 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದರಲ್ಲೂ ವೈದ್ಯರ ಈ ಕರ್ತವ್ಯ ಉಳಿದಿದೆ. ಇನ್ಸ್‌ಪೆಕ್ಟರ್ ಹೆಸರಿನ ಹಿಂದೆ ಫೆಸಿಲಿಟೇಟರ್ ಅಂತ ಒಂದು ಬಾಲ ಸೇರಿದೆ, ಅಷ್ಟೇ.

ಹಾಗಾದರೆ ಕಾಗದ ಹೇಗಿರಬೇಕಿತ್ತು? ನಮ್ಮ ಪ್ರಕಾರ ಒಂದಲ್ಲ, ಮೂರು ಕಾಗದ ಬೇಕು.

ಮೊದಲನೆಯದು ಮಾಲೀಕರಿಗೆ. ಕಂಟ್ರಾಕ್ಟರಿಗಲ್ಲ, ಕಾರ್ಖಾನೆಯ ಮಾಲೀಕರಿಗೆ. ಕಂಟ್ರಾಕ್ಟರ್ ಮೂಲಕ ಬಂದವನೂ ಕಾನೂನಿನ ಕಣ್ಣಿಗೆ ಆ ಕಾರ್ಖಾನೆಯ ಕಾರ್ಮಿಕನೇ. ಇದರಲ್ಲಿ ರೋಗದ ಹೆಸರು ಬರೆಯಲು ರೋಗಿಯ ಒಪ್ಪಿಗೆ ಬೇಕು, ಅದನ್ನು ಬರೆದು ಪಡೆಯುವುದು ಒಳ್ಳೆಯದು. ಆದರೆ ಮಾಲೀಕರಿಗೆ ರೋಗದ ಹೆಸರಿಗಿಂತ ಕೆಲಸದ ಹೆಸರು ಮುಖ್ಯ. ‘ಧೂಳಿನಿಂದ ದೂರ’ ಅಂದರೆ ಅವರಿಗೆ ಏನೂ ತಿಳಿಯದು. ಫೆಟ್ಲಿಂಗ್, ಅಚ್ಚು ಒಡೆಯುವುದು, ಮರಳು ಜರಡಿ ಹಿಡಿಯುವುದು, ಶಾಟ್ ಬ್ಲಾಸ್ಟಿಂಗ್, ಒಣ ಗುಡಿಸುವುದು, ಗಾಳಿಯಲ್ಲಿ ಊದುವುದು – ಇವು ಯಾವುದಕ್ಕೂ ಹಾಕಬಾರದು, ಆ ಶೆಡ್ಡಿನ ಒಳಗೆ ಬೇರೆ ಕೆಲಸಕ್ಕೂ ಹಾಕಬಾರದು ಅಂತ ಇರಬೇಕು. ಜೊತೆಗೆ ಯಾವುದಕ್ಕೆ ಹಾಕಬಹುದು ಅಂತಲೂ ಇರಬೇಕು: ಬೇರೆ ಕಟ್ಟಡದಲ್ಲಿರುವ ಸ್ಟೋರ್, ಡಿಸ್ಪ್ಯಾಚ್, ತಪಾಸಣೆ, ಕೂಲೆಂಟ್ ಹಾಕಿ ಕೊರೆಯುವ ಮೆಷೀನ್ ಶಾಪ್. ನಮ್ಮ ಹುಡುಗನಿಗೆ ಇನ್ನೂ ರಟ್ಟೆಯಲ್ಲಿ ಬಲ ಇದೆ, ಅವನಿಗೆ ಹಗುರ ಕೆಲಸ ಬೇಕಾಗಿಯೇ ಇಲ್ಲ. ಬೇಕಾದದ್ದು ಧೂಳಿಲ್ಲದ ಕೆಲಸ. ‘ಕೆಲಸಕ್ಕೆ ಯೋಗ್ಯನಿದ್ದಾನೆ’ ಅನ್ನುವ ಒಂದು ಮಾತು ಕಾಗದದ ಮೊದಲ ಸಾಲಿನಲ್ಲೇ ಇದ್ದಿದ್ದರೆ ಆ ರಾಜೀನಾಮೆಯ ಹಾಳೆ ಟೈಪ್ ಆಗುವುದೇ ಕಷ್ಟವಾಗುತ್ತಿತ್ತು. ‘ಸಾಧ್ಯವಾದರೆ’ ಅನ್ನುವ ಪದವಂತೂ ಬೇಡವೇ ಬೇಡ.

ತಾತ್ಕಾಲಿಕವೋ ಶಾಶ್ವತವೋ ಅನ್ನೋದನ್ನೂ ಬರೆಯಬೇಕು. ಮೂರು ತಿಂಗಳು ಅಂತ ಬರೆದರೆ ನಾಲ್ಕನೇ ತಿಂಗಳು ಗ್ರೈಂಡರ್ ಕೈಗೆ ಬರುತ್ತದೆ. ಸಿಲಿಕೋಸಿಸ್‌ಗೆ ರಜೆ ಮುಗಿಯುವ ದಿನ ಇಲ್ಲ. ಮುಂದಿನ ಎಕ್ಸ್‌ರೇ ಯಾವಾಗ ಅಂತಲೂ ದಿನಾಂಕ ಹಾಕಬೇಕು.

ಎರಡನೆಯ ಕಾಗದ ಮುಖ್ಯ ಇನ್ಸ್‌ಪೆಕ್ಟರಿಗೆ, ಅಂದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುವ ಕಾರ್ಖಾನೆಗಳ ಇಲಾಖೆಗೆ. ಇಲ್ಲಿ ರೋಗದ ಹೆಸರು ಇರಲೇಬೇಕು, ಇದು ಕಾನೂನು ಕೇಳಿದ ವರದಿ. ಅಂಚೆ ರಸೀದಿ ಇಟ್ಟುಕೊಳ್ಳಬೇಕು. ಈ ಕಾಗದ ಹೋದರೆ ಅವನೊಬ್ಬನ ಪ್ರಶ್ನೆ ಶೆಡ್ಡಿನ ಪ್ರಶ್ನೆಯಾಗುತ್ತದೆ. ಧೂಳು ಹೀರುವ ಕೊಳವೆ ಇದೆಯಾ, ಇದ್ದದ್ದು ನಡೆಯುತ್ತಾ, ಉಳಿದವರಿಗೆ ಎಕ್ಸ್‌ರೇ ಆಗಿದೆಯಾ ಅಂತ ಕೇಳುವ ಅಧಿಕಾರ ಇರುವುದು ಆ ಇಲಾಖೆಗೇ. ಫೌಂಡ್ರಿಯನ್ನು ಕಾನೂನು ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿ ಇಟ್ಟಿದೆ. ಅಂಥ ಕಡೆ ವರ್ಷಕ್ಕೊಮ್ಮೆಯಾದರೂ ಆರೋಗ್ಯ ಪರೀಕ್ಷೆ ಆಗಬೇಕು, ದಾಖಲೆಯನ್ನು ಕಾರ್ಮಿಕನಿಗೆ ತೋರಿಸಬೇಕು ಅಂತ ಹಳೆಯ ಕಾಯ್ದೆಯಲ್ಲೇ ಇತ್ತು. ನಮ್ಮ ಹುಡುಗನಿಗೆ 11 ವರ್ಷದಲ್ಲಿ ಕಾರ್ಖಾನೆಯವರು ಎದೆಯ ಎಕ್ಸ್‌ರೇ ತೆಗೆಸಿದ್ದು ಸೊನ್ನೆ ಸಲ. ಕಣ್ಣು ಪರೀಕ್ಷೆ ಎರಡು ಸಲ ಆಗಿತ್ತಂತೆ.

ಮೂರನೆಯದು ಇಎಸ್‌ಐಗೆ. ಇವನ ಸಂಬಳದಲ್ಲಿ ಪ್ರತಿ ತಿಂಗಳೂ ಇಎಸ್‌ಐ ಹಿಡಿಯುತ್ತಿದ್ದರು. ಹಲಸೂರಿನಿಂದ ಇಂದಿರಾನಗರದ ಇಎಸ್‌ಐ ಆಸ್ಪತ್ರೆ ದೂರವೇನೂ ಅಲ್ಲ. ಆದರೂ ಅವನು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದ. ಯಾಕೆ ಅಂದರೆ ಕ್ಲಿನಿಕ್ಕು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಆಸ್ಪತ್ರೆಗೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ. ನಾವೂ ಹಾಗೇ ಮಾಡುತ್ತೇವೆ, ಅವನನ್ನು ಬೈಯಲು ಏನಿದೆ?

ಸಿಲಿಕೋಸಿಸ್ ಇಎಸ್‌ಐ ಕಾನೂನಿನಲ್ಲಿ ಔದ್ಯೋಗಿಕ ರೋಗ. ಕೆಲಸದಲ್ಲಿ ಕೈ ಬೆರಳು ಕತ್ತರಿಸಿಕೊಂಡರೆ ಹೇಗೋ ಇದೂ ಹಾಗೆ. ವೈದ್ಯಕೀಯ ಮಂಡಳಿ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಕಡಿಮೆಯಾಗಿದೆ ಅಂತ ನಿರ್ಧರಿಸುತ್ತದೆ. ಕೂಲಿಯ ನೂರಕ್ಕೆ 90ರಷ್ಟನ್ನು ಆ ಪ್ರಮಾಣಕ್ಕೆ ಹಂಚಿ ಬದುಕಿರುವವರೆಗೆ ಕೊಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಸರಾಸರಿ ದಿನಗೂಲಿ 700 ರೂಪಾಯಿ ಅಂತಿಟ್ಟುಕೊಳ್ಳಿ, ಅದರ ನೂರಕ್ಕೆ 90 ಅಂದರೆ 630. ಮಂಡಳಿ ನೂರಕ್ಕೆ 20 ನಷ್ಟ ಅಂತ ಬರೆದರೆ ದಿನಕ್ಕೆ 126, ತಿಂಗಳಿಗೆ 3,780. ಶುರುವಿನ ಹಂತಕ್ಕೆ ಮಂಡಳಿ ಇದಕ್ಕಿಂತ ಕಡಿಮೆ ಬರೆಯಬಹುದು, ಅದಕ್ಕೆ ಮೇಲ್ಮನವಿ ಇದೆ. ಈ ಹಣ ಪಡೆಯಲು ಕೆಲಸ ಬಿಡಬೇಕಾಗಿಲ್ಲ. ಸ್ಟೋರಿನಲ್ಲಿ ಕೆಲಸ ಮಾಡುತ್ತಾ, ಕಳೆದುಹೋದ ಓಟಿಯ ಜಾಗಕ್ಕೆ ಇದನ್ನು ಪಡೆಯಬಹುದು. ಓಟಿ ಹೋಗುತ್ತೆ ಅಂತ ಹೆದರಿ ಎಷ್ಟೋ ಜನ ಡಾಕ್ಟರ ಚೀಟಿಯನ್ನು ಜೇಬಿನಲ್ಲೇ ಮುಚ್ಚಿಡುತ್ತಾರೆ. ಅವರಿಗೆ ಈ ಲೆಕ್ಕ ಯಾರಾದರೂ ಹೇಳಿದ್ದಾರಾ?

ಮಾಲೀಕರಿಗೂ ಒಂದು ಮಾತು. ಇಎಸ್‌ಐ ಕೊಡುವ ಈ ಹಣ ನಿಮ್ಮ ಜೇಬಿನಿಂದ ಹೋಗುವುದಿಲ್ಲ, ನೀವು ಕಟ್ಟಿದ ವಂತಿಗೆಯಿಂದ ಹೋಗುತ್ತದೆ. ಇಎಸ್‌ಐ ಇರುವ ಕಾರ್ಮಿಕ ಪರಿಹಾರಕ್ಕಾಗಿ ನಿಮ್ಮ ಮೇಲೆ ಬೇರೆ ದಾವೆ ಹೂಡಲೂ ಆಗುವುದಿಲ್ಲ. ಹಾಗಿದ್ದೂ ಯಾಕೆ ರಾಜೀನಾಮೆ ಬರೆಸುತ್ತೀರಿ? ದುಡ್ಡಿನ ಭಯಕ್ಕಲ್ಲ, ಇನ್ಸ್‌ಪೆಕ್ಟರ್ ಬಂದು ಶೆಡ್ಡು ನೋಡುತ್ತಾರೆ ಅನ್ನುವ ಭಯಕ್ಕೆ. ಕಾಯಿಲೆ ಬಿದ್ದವನು ಊರಿಗೆ ಹೋಗಿ ಕೆಮ್ಮಿದರೆ ಕಾರ್ಖಾನೆಯ ಲೆಕ್ಕದಲ್ಲಿ ಅವನು ಇರುವುದೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ‘ಬೆಂಗಳೂರಿನಿಂದ ದಮ್ಮು ಹತ್ತಿಸಿಕೊಂಡು ಬಂದ’ ಅನ್ನುವ ಗಂಡಸರು ಯಾರು, ಎಲ್ಲಿ ಕೆಲಸ ಮಾಡುತ್ತಿದ್ದರು ಅಂತ ಒಮ್ಮೆ ಕೇಳಿ ನೋಡಿ.

ನಮ್ಮ ಕೋಲಾರ ಸೀಮೆಗೆ ಇದು ಹೊಸದಲ್ಲ. ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಗೆ ಸಿಲಿಕೋಸಿಸ್ ಕಂಡಿತ್ತು. ಯಾರೋ ಕೂತು ಎಕ್ಸ್‌ರೇ ತೆಗೆದು ಎಣಿಸಿದ್ದರಿಂದ ಆ ಸಂಖ್ಯೆ ಇವತ್ತಿಗೂ ಉಳಿದಿದೆ. 2001ರಲ್ಲಿ ಗಣಿ ಮುಚ್ಚಿತು. ಆ ಮನೆಗಳ ಹುಡುಗರು ಬೆಳಗಿನ ರೈಲು ಹಿಡಿದು ಕೆ.ಆರ್. ಪುರ, ಕಂಟೋನ್ಮೆಂಟ್ ಕಡೆ ಕೆಲಸಕ್ಕೆ ಹೋಗುತ್ತಾರೆ. ಅವರಲ್ಲಿ ಎಷ್ಟು ಜನ ಗ್ರೈಂಡರ್ ಹಿಡಿದಿದ್ದಾರೆ, ಕಲ್ಲು ಕೊಯ್ಯುತ್ತಿದ್ದಾರೆ? ಎಣಿಸಲು ವೈದ್ಯರ ವರದಿ ಬೇಕು. ವರದಿಯ ಬದಲು ‘ಸಾಧ್ಯವಾದರೆ’ ಅನ್ನುವ ಚೀಟಿ ಬಂದರೆ ಎಣಿಕೆ ಸೊನ್ನೆಯಲ್ಲೇ ನಿಲ್ಲುತ್ತದೆ.

ನಮ್ಮ ಹುಡುಗನ ವಿಷಯ ಹೇಳಿ ಮುಗಿಸುತ್ತೇವೆ. ಎದೆರೋಗ ತಜ್ಞರ ವರದಿ ಹಿಡಿದು ಅದೇ ಹಲಸೂರಿನ ಡಾಕ್ಟರ ಹತ್ತಿರ ಮತ್ತೆ ಹೋದೆವು. ಒಂದು ಗಂಟೆ ವಾದ ಆಯಿತು. ಕೊನೆಗೆ ಅವರೇ ಹೊಸ ಹಾಳೆ ತೆಗೆದು, “ಫೆಟ್ಲಿಂಗ್ ಅಂದ್ರೆ ಏನು ಮಾಡ್ತೀಯಪ್ಪ, ಸರಿಯಾಗಿ ಹೇಳು” ಅಂತ ಅವನನ್ನು ಕೇಳಿದರು. ಎರಡು ಪುಟ ಬರೆದರು. ಒಂದು ಪ್ರತಿ ಮಾಲೀಕರಿಗೆ, ಒಂದು ವರದಿ ಕಾರ್ಮಿಕ ಭವನಕ್ಕೆ, ಎರಡೂ ರಿಜಿಸ್ಟರ್ಡ್ ಅಂಚೆಯಲ್ಲಿ ಹೋದವು. ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಟ್ಟಾಗಿದೆ, ಮಂಡಳಿಯ ದಿನಾಂಕ ಇನ್ನೂ ಬಂದಿಲ್ಲ. ಮಾಲೀಕರು ಕರೆಸಿ, ಮುಖ ಗಂಟಿಕ್ಕಿಕೊಂಡೇ, ಡಿಸ್ಪ್ಯಾಚಿಗೆ ಹಾಕಿದ್ದಾರೆ. ಸಂಬಳ ಎಷ್ಟು ಅಂತ ತಿಂಗಳು ತುಂಬಿದ ಮೇಲೆ ಗೊತ್ತಾಗಬೇಕು. ರಾಜೀನಾಮೆಯ ಹಾಳೆ ಸಹಿಯಿಲ್ಲದೆ ನಮ್ಮ ಹತ್ತಿರ ಇದೆ.

ಅವನು ಬಿಟ್ಟ ಗ್ರೈಂಡರಿನ ಮುಂದೆ ಈಗ 22 ವರ್ಷದ ಒಬ್ಬ ಹುಡುಗ ನಿಂತಿದ್ದಾನೆ, ಕರ್ಚೀಫು ಕಟ್ಟಿಕೊಂಡು. ಆ ಸಾಲಿನಲ್ಲಿ ಇನ್ನೂ ಆರು ಜನ ಇದ್ದಾರೆ. ಕಾರ್ಮಿಕ ಭವನದಿಂದ ಅಂಚೆಯ ಸ್ವೀಕೃತಿ ಕಾರ್ಡು ಮಾತ್ರ ವಾಪಸ್ ಬಂದಿದೆ. ಶೆಡ್ಡು ನೋಡಲು ಇದುವರೆಗೆ ಯಾರೂ ಹೋಗಿಲ್ಲ. ಮುಂದಿನ ವಾರ ನಾವೇ ಬನ್ನೇರುಘಟ್ಟ ರಸ್ತೆಗೆ ಹೋಗಿ ಆ ಕಾರ್ಡಿನ ನಂಬರ್ ತೋರಿಸಿ ಕೇಳುತ್ತೇವೆ.